ರೊಟ್ಟಿ–ನೀರ್ ದೋಸೆ ವಿಡಿಯೊ: ಯಾರದು ಏನು

ಅಕ್ಕಾ, ನಾವಿಬ್ಬರೂ ಸೇರಿ ಮಾಡುವ ಈ ವಿಡಿಯೊದಲ್ಲಿ ಅಡುಗೆಮನೆ ನನ್ನದೇ ಆದರೂ "ನಮ್ಮ ಚಾನೆಲ್‌ಗೆ ಸ್ವಾಗತ" ಬೇಡ. ಅಲ್ಲೇ ನೀವು ನೆಂಟರಾಗಿಬಿಡುತ್ತೀರಿ.

ಶುರುವಿಗೇ ಇಬ್ಬರೂ ಕೆಲಸದಲ್ಲಿ. ನೀವು ಜೋಳದ ಹಿಟ್ಟಿಗೆ ಕುದಿಯುವ ನೀರು ಹಾಕುತ್ತಿರುತ್ತೀರಿ, ನಾನು ನೆನೆದ ಅಕ್ಕಿ ರುಬ್ಬುತ್ತಿರುತ್ತೇನೆ.

ನೀವು: "ಇಷ್ಟು ನೀರಾದ್ರ ದೋಸೆ ಹೆಂಗ ಆಗತದ?"
ನಾನು: "ನಿಮ್ಮ ಹಿಟ್ಟಲ್ಲಿ ಅಂಟೇ ಇಲ್ಲ, ರೊಟ್ಟಿ ಹರಿಯಲ್ವಾ?"

ಇಲ್ಲಿಂದ ಅದಲುಬದಲು. ರೊಟ್ಟಿ ನಾನು ಬಡಿಯುತ್ತೇನೆ, ಬಿಸಿನೀರಿನ ಗುಟ್ಟು ನೀವು ಹೇಳಿ. ಆಮೇಲೆ ಕಾವಲಿಗೆ ನೀವು ಹಿಟ್ಟು ಎರೆಯಿರಿ, ಸೌಟಲ್ಲಿ ಯಾಕೆ ಹರಡಬಾರದು ಅಂತ ನಾನು ಹೇಳುತ್ತೇನೆ. ಗೊತ್ತಿರುವವರು ಕೈ ಹಾಕುವಂತಿಲ್ಲ! ರೊಟ್ಟಿ ಹರಿದರೆ ಕಟ್ ಬೇಡ, ಮಜಾ ಅದೇ ಅಲ್ವಾ?

ತಟ್ಟೆ ಯಾರ ಕೈಗೆ ಹೋಗುತ್ತದೋ ಮುಂದಿನ ಮಾತು ಅವರದು. ಎಡಿಟ್ ನನಗೆ, ತಂಬ್‌ನೇಲ್ ನಿಮಗೆ. ನೀವು ನೋಡದೆ ಅಪ್‌ಲೋಡ್ ಮಾಡುವುದಿಲ್ಲ.