ವಿಷಯ: ಹಿನ್ನೆಲೆ ಪರಿಶೀಲನೆಗೆ ಬೇಕಾದ ದಾಖಲೆಗಳು ಮತ್ತು ಅದಕ್ಕೆ ಹಿಡಿಯುವ ಸಮಯ

ಸುಮಾ ಅವರಿಗೆ ನಮಸ್ಕಾರ.

ಹಿರಿಯ ಟೆಸ್ಟಿಂಗ್ ಎಂಜಿನಿಯರ್ ಹುದ್ದೆಯ ಆಫರ್ ಲೆಟರ್‌ಗೆ ನೀವು ಒಪ್ಪಿಗೆ ಸೂಚಿಸಿದ್ದಕ್ಕೆ ಧನ್ಯವಾದಗಳು. ನೀವು ಕೆಲಸಕ್ಕೆ ಸೇರುವ ದಿನ ನವೆಂಬರ್ 17 ಎಂದು ನಿಗದಿಯಾಗಿದ್ದು, ಅಷ್ಟರೊಳಗೆ ಹಿನ್ನೆಲೆ ಪರಿಶೀಲನೆಯ ಬಹುಭಾಗ ಮುಗಿಯಬೇಕಾಗುತ್ತದೆ. ಈ ಕೆಲಸವನ್ನು ನಮ್ಮ ಪರವಾಗಿ ಹೊರಗಿನ ಸಂಸ್ಥೆಯೊಂದು ಮಾಡುತ್ತದೆ. ಅವರು ಕಳುಹಿಸುವ ಲಿಂಕ್‌ನಲ್ಲಿ ಮೊದಲಿಗೆ ಸಮ್ಮತಿ ಪತ್ರವಿರುತ್ತದೆ. ಅದನ್ನು ನೀವು ಓದಿ ಒಪ್ಪಿದ ಮೇಲೆಯೇ ವಿಚಾರಣೆ ಆರಂಭವಾಗುತ್ತದೆ. ದಾಖಲೆಗಳನ್ನು ಅದೇ ಲಿಂಕ್‌ನಲ್ಲಿ ಅಕ್ಟೋಬರ್ 10ರೊಳಗೆ ಹಾಕಿ. ದಯವಿಟ್ಟು ವಾಟ್ಸಾಪ್‌ನಲ್ಲಿ ಯಾರಿಗೂ ಕಳುಹಿಸಬೇಡಿ.

ಗುರುತಿಗಾಗಿ ಪ್ಯಾನ್ ಕಾರ್ಡ್ ಬೇಕು. ವಿಳಾಸಕ್ಕೆ ಪಾಸ್‌ಪೋರ್ಟ್, ಮತದಾರರ ಗುರುತಿನ ಚೀಟಿ ಅಥವಾ ಆಧಾರ್ ಇವುಗಳಲ್ಲಿ ಯಾವುದಾದರೂ ಒಂದು ಸಾಕು. ಆಧಾರ್ ಕೊಡುವುದಾದರೆ ಕೊನೆಯ ನಾಲ್ಕು ಅಂಕಿಗಳು ಮಾತ್ರ ಕಾಣುವ ಮಾಸ್ಕ್ಡ್ ಪ್ರತಿಯನ್ನೇ ಕೊಡಿ. ನೀವು ಈಗಿರುವ ಬಾಡಿಗೆ ಮನೆಯ ವಿಳಾಸ ಬೇರೆಯಾಗಿರುವುದರಿಂದ ಬಾಡಿಗೆ ಕರಾರಿನ ಪ್ರತಿಯೂ ಜೊತೆಗಿರಲಿ.

ವಿದ್ಯಾಭ್ಯಾಸಕ್ಕೆ ಸಂಬಂಧಿಸಿ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಬಿ.ಇ. ಎಂಟೂ ಸೆಮಿಸ್ಟರ್‌ಗಳ ಅಂಕಪಟ್ಟಿಗಳು ಮತ್ತು ಪದವಿ ಪ್ರಮಾಣಪತ್ರ ಬೇಕು. ಎಲ್ಲಕ್ಕಿಂತ ನಿಧಾನವಾಗುವುದು ಈ ಭಾಗವೇ. ಪದವಿಯನ್ನು ದೃಢೀಕರಿಸಬೇಕಾದದ್ದು ನೀವು ಓದಿದ ಮೈಸೂರಿನ ಕಾಲೇಜಲ್ಲ, ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ. ನಡುವೆ ಹಬ್ಬದ ರಜೆಗಳು ಬರುವುದರಿಂದ ಇದೊಂದಕ್ಕೇ ಮೂರು ವಾರ ಹಿಡಿಯಬಹುದು. ಇಲ್ಲಿ ಇನ್ನೊಂದು ಮಾತು. ಅಂಕಪಟ್ಟಿಯಲ್ಲಿ ನಿಮ್ಮ ಹೆಸರು ‘ಸುಮಾ ಕೆ.ಆರ್.’ ಎಂದಿದ್ದು, ಪ್ಯಾನ್ ಕಾರ್ಡ್‌ನಲ್ಲಿ ಇನಿಷಿಯಲ್ ಬಿಡಿಸಿ ಊರಿನ ಹೆಸರು, ತಂದೆಯವರ ಹೆಸರು ಎರಡನ್ನೂ ಪೂರ್ತಿ ಬರೆಯಲಾಗಿದೆ. ನಮ್ಮ ಕಡೆ ಇದು ಅನೇಕರಿಗೆ ಇರುವುದೇ, ಗಾಬರಿಯಾಗಬೇಕಿಲ್ಲ. ಎರಡೂ ಹೆಸರು ಒಬ್ಬರದೇ ಎಂದು ನೀವೇ ಬರೆದು ಸಹಿ ಮಾಡಿದ ಒಂದು ಹಾಳೆಯನ್ನು ಈಗಲೇ ಸೇರಿಸಿದರೆ, ಆಮೇಲೆ ಅದಕ್ಕಾಗಿ ಫೈಲ್ ನಿಲ್ಲುವುದಿಲ್ಲ.

ಉದ್ಯೋಗದ ದಾಖಲೆಗಳಲ್ಲಿ ಹೆಚ್ಚು ಗಮನ ಬೇಕಾದದ್ದು ನಿಮ್ಮ ಮೊದಲ ಕಂಪನಿಯದು. ಅದು ಈಗ ಮುಚ್ಚಿಹೋಗಿರುವುದರಿಂದ ಪತ್ರ ಬರೆದು ಕೇಳಲು ಅಲ್ಲಿ ಯಾರೂ ಇಲ್ಲ, ನಿಮ್ಮ ಬಳಿ ರಿಲೀವಿಂಗ್ ಲೆಟರ್ ಕೂಡ ಇಲ್ಲವೆಂದು ಹೇಳಿದ್ದೀರಿ. ಆದರೆ ಅಲ್ಲಿ ಪಿಎಫ್ ಕಡಿತವಾಗುತ್ತಿತ್ತು. ಇಪಿಎಫ್‌ಒ ಸದಸ್ಯರ ಪೋರ್ಟಲ್‌ನಲ್ಲಿ ನಿಮ್ಮ ಯುಎಎನ್ ಸಂಖ್ಯೆಯಿಂದ ಲಾಗಿನ್ ಆಗಿ, ಸರ್ವೀಸ್ ಹಿಸ್ಟರಿ ಪುಟವನ್ನೂ ಪಾಸ್‌ಬುಕ್ಕನ್ನೂ ಇಳಿಸಿಕೊಳ್ಳಿ. ಸೇರಿದ ಮತ್ತು ಬಿಟ್ಟ ದಿನಾಂಕಗಳು ಅಲ್ಲಿರುತ್ತವೆ. ಇವುಗಳ ಜೊತೆಗೆ ಆ ವರ್ಷಗಳ ಫಾರ್ಮ್ 16 ಅಥವಾ 26ಎಎಸ್, ಸಂಬಳ ಜಮೆಯಾದ ಬ್ಯಾಂಕ್ ಸ್ಟೇಟ್‌ಮೆಂಟ್ ಇದ್ದರೆ, ಕಂಪನಿಯ ಉತ್ತರವಿಲ್ಲದೆಯೂ ಆ ಅವಧಿಯನ್ನು ಒಪ್ಪಿಕೊಳ್ಳಲು ಸಾಧ್ಯವಾಗುತ್ತದೆ. ಬಿಟ್ಟ ದಿನಾಂಕ ಪೋರ್ಟಲ್‌ನಲ್ಲಿ ಖಾಲಿಯಿದ್ದರೆ ಅದನ್ನು ಮುಚ್ಚಿಡದೆ ತಿಳಿಸಿ. 2019ರಲ್ಲಿ ನೀವು ಏಳು ತಿಂಗಳು ಕೆಲಸದಲ್ಲಿ ಇರಲಿಲ್ಲ. ಕಾರಣವನ್ನು ಎರಡು ಸಾಲಿನಲ್ಲಿ ಬರೆದರೆ ಸಾಕು, ವೈದ್ಯಕೀಯ ಕಾಗದಪತ್ರಗಳನ್ನು ನಾವು ಕೇಳುವುದಿಲ್ಲ. ರೆಸ್ಯೂಮೆಯಲ್ಲಿ ಆ ತಿಂಗಳುಗಳನ್ನು ಅಕ್ಕಪಕ್ಕದ ಕೆಲಸಗಳಿಗೆ ಹಂಚಿ ತೋರಿಸುವವರಿದ್ದಾರೆ. ಕೆಲಸದಲ್ಲಿ ಅಂತರವಿದ್ದದ್ದಕ್ಕಿಂತ ದಿನಾಂಕ ತಿದ್ದಿದ್ದೇ ಅಂಥವರಿಗೆ ಮುಳುವಾಗುತ್ತದೆ.

ಈಗಿನ ಕಂಪನಿಯ ಆಫರ್ ಲೆಟರ್, ಕೊನೆಯ ಮೂರು ತಿಂಗಳ ಪೇ ಸ್ಲಿಪ್ ಮತ್ತು ರಾಜೀನಾಮೆ ಅಂಗೀಕಾರದ ಇಮೇಲ್ ಈಗ ಸಾಕು. ರಿಲೀವಿಂಗ್ ಲೆಟರ್ ಅನ್ನು, ನಿಮ್ಮ ನೋಟಿಸ್ ಅವಧಿ ಮುಗಿಯುವ ನವೆಂಬರ್ 14ರ ನಂತರ ಕೊಡಬಹುದು. ಅಲ್ಲಿಯವರೆಗೆ ಆ ಕಂಪನಿಯನ್ನು ನಾವಾಗಲಿ ಪರಿಶೀಲನಾ ಸಂಸ್ಥೆಯಾಗಲಿ ಸಂಪರ್ಕಿಸುವುದಿಲ್ಲ.

ಎಲ್ಲ ದಾಖಲೆಗಳು ಕೈಸೇರಿದ ದಿನದಿಂದ ಗುರುತು, ವಿಳಾಸ ಮತ್ತು ನ್ಯಾಯಾಲಯ ದಾಖಲೆಗಳ ಪರಿಶೀಲನೆಗೆ ಸುಮಾರು ಒಂದು ವಾರ, ಹಿಂದಿನ ಉದ್ಯೋಗಕ್ಕೆ ಹತ್ತು ಕೆಲಸದ ದಿನ, ಪದವಿಗೆ ಮೇಲೆ ಹೇಳಿದಂತೆ ಮೂರು ವಾರ ಆಗುತ್ತದೆ. ಇವೆಲ್ಲ ಒಟ್ಟೊಟ್ಟಿಗೆ ನಡೆಯುವುದರಿಂದ ನವೆಂಬರ್ ಮೊದಲ ವಾರದಲ್ಲಿ ವರದಿ ಬರಬೇಕು. ವಿಶ್ವವಿದ್ಯಾಲಯದ ಉತ್ತರವೊಂದೇ ಬಾಕಿ ಉಳಿದರೆ ನೀವು ನಿಗದಿತ ದಿನವೇ ಸೇರಬಹುದು. ಆದರೆ ಆಫರ್ ಲೆಟರ್‌ನಲ್ಲಿ ಹೇಳಿರುವಂತೆ ನೇಮಕಾತಿಯು ಅಂತಿಮ ವರದಿಗೆ ಒಳಪಟ್ಟಿರುತ್ತದೆ. ಯಾವುದಾದರೂ ವಿವರ ತಾಳೆಯಾಗದಿದ್ದರೆ ತೀರ್ಮಾನಕ್ಕೆ ಮೊದಲು ನಿಮ್ಮ ವಿವರಣೆ ಕೇಳುತ್ತೇವೆ, ಅದಕ್ಕೆ ಮೂರು ಕೆಲಸದ ದಿನಗಳ ಕಾಲಾವಕಾಶವಿರುತ್ತದೆ.

ಪರಿಶೀಲನೆಗೆ ನೀವು ಯಾವ ಶುಲ್ಕವನ್ನೂ ಕೊಡಬೇಕಿಲ್ಲ. ನಮ್ಮ ಹೆಸರು ಹೇಳಿ ಯಾರಾದರೂ ಹಣ ಅಥವಾ ಓಟಿಪಿ ಕೇಳಿದರೆ ಕೊಡದೆ, ಇದೇ ಇಮೇಲ್‌ಗೆ ಉತ್ತರಿಸಿ ನನಗೆ ತಿಳಿಸಿ.

ಇಂತಿ,
ನೇಮಕಾತಿ ವಿಭಾಗ, ಬೆಂಗಳೂರು ಕಚೇರಿ