ರೊಟ್ಟಿ ನಮ್ಮದು, ಹಿಂಡಿ ಅವರದು: ಸಂಕ್ರಾಂತಿಗೆ ಎರಡೂ ಒಂದೇ ಬಾಕ್ಸ್‌ನಲ್ಲಿ, ₹480

ವಿಜಯಪುರದಿಂದ ನಮ್ಮ @badida_rotti, ಧಾರವಾಡದಿಂದ @oralu_dharwad. ಈ ಸಲ ಸಂಕ್ರಾಂತಿಗೆ ಇಬ್ಬರೂ ಸೇರಿ ಒಂದು ಬಾಕ್ಸ್ ಮಾಡಿದ್ದೇವೆ. ಹೆಸರು ‘ಭೋಗಿ ಜೋಡಿ’. ಬುಕಿಂಗ್ ಜನವರಿ 2ರ ಬೆಳಿಗ್ಗೆ 9 ಗಂಟೆಗೆ ಶುರು, ಜನವರಿ 8ರ ರಾತ್ರಿ 9ಕ್ಕೆ ಬಂದ್. ಅದಕ್ಕೂ ಮೊದಲೇ 250 ಬಾಕ್ಸ್ ಮುಗಿದರೆ ಅಲ್ಲಿಗೇ ನಿಲ್ಲಿಸುತ್ತೇವೆ.

ನಮ್ಮಲ್ಲಿ ರೊಟ್ಟಿ ತಗೊಂಡವರು ‘ಇದಕ್ಕೆ ಒಳ್ಳೆ ಶೇಂಗಾ ಹಿಂಡಿ ಎಲ್ಲಿ ಸಿಗ್ತದ ಅಕ್ಕಾ?’ ಅಂತ ಕೇಳುತ್ತಲೇ ಇರುತ್ತೀರಿ. ಅವರ ಹಿಂಡಿ ತಗೊಂಡವರು ಅವರನ್ನು ರೊಟ್ಟಿ ಕೇಳುತ್ತಾರಂತೆ. ಹಾಗಿದ್ದ ಮೇಲೆ ಎರಡು ಕಡೆ ಆರ್ಡರ್ ಮಾಡಿ, ಎರಡು ಸಲ ಕೊರಿಯರ್ ದುಡ್ಡು ಯಾಕೆ ಕೊಡಬೇಕು, ಅಲ್ವಾ?

ಬಾಕ್ಸ್‌ನಲ್ಲಿ ನಮ್ಮ ಕಡೆಯಿಂದ 20 ಖಡಕ್ ಜೋಳದ ರೊಟ್ಟಿ, ಎಳ್ಳು ಹಚ್ಚಿದ 10 ಖಡಕ್ ಸಜ್ಜೆ ರೊಟ್ಟಿ. ಒರಳು ಕಡೆಯಿಂದ 200 ಗ್ರಾಂ ಶೇಂಗಾ ಹಿಂಡಿ, 100 ಗ್ರಾಂ ಗುರೆಳ್ಳು ಹಿಂಡಿ. ಭೋಗಿ ದಿನ ಸಜ್ಜೆ ರೊಟ್ಟಿ ಇಲ್ಲದಿದ್ದರೆ ನಮ್ಮ ಕಡೆ ಊಟ ಊಟ ಅನ್ನಿಸುವುದೇ ಇಲ್ಲ. ಅದಕ್ಕೇ ಸಜ್ಜೆಯನ್ನು ಬಿಡಲಿಲ್ಲ.

ಜೋಳ ಮಾಲದಂಡಿ. ಕರಿ ಎರೆ ಹೊಲದಲ್ಲಿ ಬೆಳೆದ ಹಿಂಗಾರಿ ಜೋಳ. ಈ ವರ್ಷದ ಪೈರು ಇನ್ನೂ ಹೊಲದಲ್ಲೇ ನಿಂತಿದೆ. ಹಾಗಾಗಿ ಈಗ ಬಳಸುತ್ತಿರುವುದು ಹೋದ ಸುಗ್ಗಿಯದು. ಗೋಧಿ ಹಿಟ್ಟಿಗಿರುವ ಜಿಗುಟು ಜೋಳಕ್ಕಿಲ್ಲ. ಕುದಿಯುವ ನೀರು ಹಾಕಿ ನಾದಿದರೆ ಮಾತ್ರ ಹಿಟ್ಟು ಕೈಗೆ ಕೂಡುತ್ತದೆ, ಅಂಚು ಒಡೆಯುವುದಿಲ್ಲ. ಒಂದೊಂದನ್ನೂ ಕೈಯಲ್ಲೇ ಬಡಿದು ಹಂಚಿಗೆ ಹಾಕಿ, ಮೇಲೆ ಒದ್ದೆ ಬಟ್ಟೆಯಿಂದ ನೀರು ಸವರಿ, ಬೆಂದ ಮೇಲೆ ಒಲೆಯ ಬದಿಗೆ ಒರಗಿಸಿ ಇಡುತ್ತೇವೆ. ಆ ಬಿಸಿಯಲ್ಲೇ ಅದು ನಿಧಾನಕ್ಕೆ ಖಡಕ್ ಆಗಬೇಕು. ಅವಸರ ಮಾಡಿದರೆ ನಡುವೆ ತೇವ ಉಳಿದು ನಾಲ್ಕೇ ದಿನಕ್ಕೆ ಬೂಸ್ಟು ಬರುತ್ತದೆ. ಬಡಿಯುವವರು ಎಂಟು ಜನ ಅಕ್ಕಂದಿರು. 250 ಬಾಕ್ಸ್ ಅಂದರೆ 7,500 ರೊಟ್ಟಿ. ಅದಕ್ಕಿಂತ ಜಾಸ್ತಿ ಒಪ್ಪಿಕೊಂಡರೆ ಅವರ ರಟ್ಟೆಗೂ ಕಷ್ಟ, ರೊಟ್ಟಿಯೂ ಕೆಡುತ್ತದೆ.

ಇನ್ನು ಹಿಂಡಿ. ಶೇಂಗಾ ಹುರಿದು, ಸಿಪ್ಪೆ ಕೇರಿ, ಬ್ಯಾಡಗಿ ಖಾರ, ಬೆಳ್ಳುಳ್ಳಿ, ಜೀರಿಗೆ, ಉಪ್ಪು ಹಾಕಿ ಒರಳಲ್ಲಿ ಕುಟ್ಟುತ್ತಾರೆ. ಮಿಕ್ಸಿಯಲ್ಲಿ ತಿರುವಿದ ಪುಡಿಯ ಹಾಗೆ ಇದು ಉದುರುದುರಾಗಿ ಇರುವುದಿಲ್ಲ. ಕುಟ್ಟುತ್ತಾ ಎಣ್ಣೆ ಬಿಟ್ಟು, ಬೆರಳಲ್ಲಿ ಒತ್ತಿದರೆ ಉಂಡೆ ಕಟ್ಟುತ್ತದೆ. ಗಟ್ಟಿ ಮೊಸರು ಹಾಕಿ ಕಲಸಿ ರೊಟ್ಟಿ ಮುರಿದು ತಿಂದು ನೋಡಿ. ಒರಳು ನಡೆಸುವ ಅಕ್ಕ-ತಂಗಿಯರ ಕೈರುಚಿ ಇಷ್ಟವಾದ ಮೇಲೇ ನಾವು ಅವರ ಜೊತೆ ಕೈ ಜೋಡಿಸಿದ್ದು.

ಈಗ ದುಡ್ಡಿನ ಲೆಕ್ಕ. ನಿನ್ನೆ ಫೋಟೋ ಹಾಕಿದಾಗಿನಿಂದ ‘ಹಿಂಡಿ ಫ್ರೀನಾ?’ ಅಂತ ತುಂಬಾ ಜನ ಕೇಳಿದ್ದೀರಿ. ಇಲ್ಲ, ಹಿಂಡಿ ಫ್ರೀ ಅಲ್ಲ. ಬಿಡಿಯಾಗಿ ತಗೊಂಡರೆ ಜೋಳದ ರೊಟ್ಟಿ ₹240, ಸಜ್ಜೆ ರೊಟ್ಟಿ ₹140, ಶೇಂಗಾ ಹಿಂಡಿ ₹120, ಗುರೆಳ್ಳು ಹಿಂಡಿ ₹80. ಒಟ್ಟು ₹580. ಜೋಡಿಯಾಗಿ ₹480. ಕಡಿಮೆಯಾದ ₹100ರಲ್ಲಿ ₹50 ನಾವು ಬಿಟ್ಟಿದ್ದೇವೆ, ₹50 ಅವರು. ಆಫರ್‌ಗಾಗಿ ರೊಟ್ಟಿ ಸಣ್ಣದು ಮಾಡಿಲ್ಲ, ಪ್ಯಾಕೆಟ್ ತೂಕ ಇಳಿಸಿಲ್ಲ, ಬಿಡಿ ಬೆಲೆ ಏರಿಸಿಯೂ ಇಲ್ಲ. ಎರಡೂ ಪೇಜ್‌ಗಳಲ್ಲಿ ಹಳೆಯ ಪೋಸ್ಟ್ ತೆಗೆದು ನೋಡಿದರೆ ಇದೇ ಬೆಲೆ ಕಾಣುತ್ತದೆ.

ನಿಜವಾಗಿ ಫ್ರೀ ಇರುವುದು ಒಂದೇ. ಒಂದೇ ಆರ್ಡರ್‌ನಲ್ಲಿ ಎರಡು ಅಥವಾ ಅದಕ್ಕಿಂತ ಹೆಚ್ಚು ಬಾಕ್ಸ್ ತಗೊಂಡರೆ 50 ಗ್ರಾಂ ಅಗಸಿ ಹಿಂಡಿಯ ಒಂದು ಪ್ಯಾಕೆಟ್. ಇದು ಆರ್ಡರ್‌ಗೆ ಒಂದು, ಬಾಕ್ಸ್‌ಗೆ ಒಂದಲ್ಲ. ಒಬ್ಬರಿಗೆ ಹೆಚ್ಚೆಂದರೆ ನಾಲ್ಕು ಬಾಕ್ಸ್.

ಕೊರಿಯರ್ ಚಾರ್ಜ್ ಬೇರೆ. ಕರ್ನಾಟಕದೊಳಗೆ ಒಂದು ಬಾಕ್ಸ್‌ಗೆ ₹60. ಎರಡು ಬಾಕ್ಸ್ ಅಥವಾ ಮೇಲ್ಪಟ್ಟು ಒಂದೇ ವಿಳಾಸಕ್ಕೆ ಹೋದರೆ ಚಾರ್ಜ್ ಇಲ್ಲ. ಪುಣೆ, ಮುಂಬೈ, ಹೈದರಾಬಾದ್ ಸೇರಿ ಹೊರರಾಜ್ಯಕ್ಕೆ ಬಾಕ್ಸ್‌ಗೆ ₹110, ಎಷ್ಟೇ ತಗೊಂಡರೂ. ವಿದೇಶಕ್ಕೆ ಈ ಬಾಕ್ಸ್ ಕಳಿಸುತ್ತಿಲ್ಲ. ವಿಜಯಪುರದವರು ಅಂಗಡಿಗೇ ಬಂದು ಒಯ್ಯಬಹುದು, ₹480 ಮಾತ್ರ.

ಆರ್ಡರ್ ತಗೊಳ್ಳುವುದು @badida_rotti ಪೇಜ್‌ನಲ್ಲಿ ಮಾತ್ರ. ಪೇಜ್ ತೆರೆದು ವಾಟ್ಸಾಪ್ ಬಟನ್ ಒತ್ತಿ, ‘ಭೋಗಿ ಜೋಡಿ’, ಎಷ್ಟು ಬಾಕ್ಸ್, ಪಿನ್‌ಕೋಡ್ ಸಮೇತ ಪೂರ್ತಿ ವಿಳಾಸ ಬರೆಯಿರಿ. ಬೆಳ್ಳುಳ್ಳಿ ತಿನ್ನದವರು ‘ಬೆಳ್ಳುಳ್ಳಿ ಇಲ್ಲದ ಹಿಂಡಿ’ ಅಂತಲೂ ಸೇರಿಸಿ, ಬೆಲೆ ಅಷ್ಟೇ. ಹಿಂಡಿ ಧಾರವಾಡದಿಂದ ನಮ್ಮಲ್ಲಿಗೆ ಬಂದು, ಬಾಕ್ಸ್ ಕಟ್ಟುವುದು ವಿಜಯಪುರದಲ್ಲೇ. ಅದಕ್ಕಾಗಿ @oralu_dharwad ಪೇಜ್‌ನಲ್ಲಿ ಈ ಬಾಕ್ಸ್‌ಗೆ ಮೆಸೇಜ್ ಹಾಕಿದರೆ ಅವರೂ ನಮ್ಮ ಕಡೆಗೇ ಕಳಿಸುತ್ತಾರೆ. ಬರೀ ಹಿಂಡಿ ಬೇಕಿದ್ದರೆ ಎಂದಿನಂತೆ ಅವರ ಪೇಜ್‌ನಲ್ಲೇ ಕೇಳಿ, ಎಂದಿನ ಬೆಲೆಗೆ. ಅವರ ORALU10 ಕೂಪನ್ ಬಿಡಿ ಪ್ಯಾಕೆಟ್‌ಗಳಿಗೆ ನಡೆಯುತ್ತದೆ, ಈ ಬಾಕ್ಸ್‌ಗೆ ನಡೆಯುವುದಿಲ್ಲ.

ಪೇಮೆಂಟ್ ಯುಪಿಐ ಮೂಲಕ. ಕ್ಯಾಶ್ ಆನ್ ಡೆಲಿವರಿ ಇಲ್ಲ. ದುಡ್ಡು ಹಾಕುವ ಮುಂಚೆ ಸ್ಕ್ರೀನ್ ಮೇಲೆ BADIDA ROTTI ಅಂತ ಹೆಸರು ಬಂದಿದೆಯಾ ನೋಡಿಕೊಳ್ಳಿ. ಬೇರೆ ಹೆಸರು ಬಂದರೆ ನಿಲ್ಲಿಸಿ. ಕಾಮೆಂಟ್‌ನಲ್ಲಿ ನಾವು ಯಾರಿಗೂ ಕ್ಯೂಆರ್ ಕೋಡ್ ಕಳಿಸುವುದಿಲ್ಲ, ಒಟಿಪಿ ಕೇಳುವುದಿಲ್ಲ. ಇದು ಲಕ್ಕಿ ಡ್ರಾ ಕೂಡ ಅಲ್ಲ. ಆಫರ್ ಸಿಗಲು ಫಾಲೋ ಮಾಡಬೇಕು, ಮೂರು ಜನರನ್ನು ಟ್ಯಾಗ್ ಮಾಡಬೇಕು ಅನ್ನುವ ಷರತ್ತು ಯಾವುದೂ ಇಲ್ಲ. ಖುಷಿಯಿಂದ ಫಾಲೋ ಮಾಡಿದರೆ ಇಬ್ಬರಿಗೂ ಸಂತೋಷ.

ಖಡಕ್ ರೊಟ್ಟಿ ಕೊರಿಯರ್‌ನಲ್ಲಿ ಒಂದೆರಡು ಮುರಿಯುವುದು ಇದ್ದದ್ದೇ, ಅದನ್ನು ಮುಚ್ಚಿಡುವುದಿಲ್ಲ. ಐದಕ್ಕಿಂತ ಹೆಚ್ಚು ಮುರಿದಿದ್ದರೆ ಬಾಕ್ಸ್ ಸಿಕ್ಕ ಎರಡು ದಿನದೊಳಗೆ ಫೋಟೋ ಕಳಿಸಿ, ಮುರಿದಷ್ಟಕ್ಕೂ ದುಡ್ಡು ವಾಪಸ್ ಹಾಕುತ್ತೇವೆ. ಹಿಂಡಿ ಪ್ಯಾಕೆಟ್ ಒಡೆದಿದ್ದರೂ ನಮಗೇ ಹೇಳಿ, ಒರಳು ಕಡೆಯಿಂದ ಹೊಸದು ಬರುತ್ತದೆ. ಕೊರಿಯರ್‌ಗೆ ಕೊಡುವ ಮುಂಚೆ ಆರ್ಡರ್ ಬೇಡ ಅಂದರೆ ಪೂರ್ತಿ ದುಡ್ಡು ವಾಪಸ್.

ಮನೆಯಲ್ಲಿ ಶೇಂಗಾ ಅಥವಾ ಎಳ್ಳು ಆಗಿಬರದವರು ಇದ್ದರೆ ದಯವಿಟ್ಟು ಈ ಬಾಕ್ಸ್ ತರಿಸಬೇಡಿ. ಎಲ್ಲವೂ ಒಟ್ಟಿಗೇ ಪ್ಯಾಕ್ ಆಗುತ್ತದೆ. ಸಜ್ಜೆ ಹಿಟ್ಟು ಬೇಗ ಕಹಿಯಾಗುವ ಜಾತಿ, ಹಾಗಾಗಿ ಸಜ್ಜೆ ರೊಟ್ಟಿಯನ್ನು 15 ದಿನದೊಳಗೆ ಮುಗಿಸಿ. ಜೋಳದ ರೊಟ್ಟಿ ಒಣ ಡಬ್ಬಿಯಲ್ಲಿ ಒಂದು ತಿಂಗಳು ಇರುತ್ತದೆ. ಹಲ್ಲಿಗೆ ಖಡಕ್ ಆಗದ ಹಿರಿಯರಿಗೆ ರೊಟ್ಟಿಯ ಮೇಲೆ ನೀರು ಚಿಮುಕಿಸಿ, ಒದ್ದೆ ಬಟ್ಟೆ ಮುಚ್ಚಿ ಸ್ವಲ್ಪ ಹೊತ್ತು ಬಿಡಿ. ಮೆತ್ತಗಾಗುತ್ತದೆ.

ಮೊದಲು ಬಂದ ಆರ್ಡರ್ ಮೊದಲು ಹೊರಡುತ್ತದೆ. ಕೊನೆಯ ಬಾಕ್ಸ್ ಜನವರಿ 10ಕ್ಕೆ ಕೊರಿಯರ್ ಕೈಗೆ. ಹೊರರಾಜ್ಯದವರು ಜನವರಿ 5ರೊಳಗೆ ಬುಕ್ ಮಾಡಿದರೆ ಭೋಗಿಯ ಒಳಗೆ ಮುಟ್ಟಿಸುವುದು ನಮಗೆ ಸುಲಭ. ಇಲ್ಲಿ ಬರೆಯದೆ ಉಳಿದ ಪ್ರಶ್ನೆ ಇದ್ದರೆ ಕಾಮೆಂಟ್‌ನಲ್ಲಿ ಕೇಳಿ. ರೊಟ್ಟಿಯದಕ್ಕೆ ನಾವು, ಹಿಂಡಿಯದಕ್ಕೆ @oralu_dharwad ಉತ್ತರ ಕೊಡುತ್ತೇವೆ.

#ಭೋಗಿಜೋಡಿ #ಖಡಕ್ರೊಟ್ಟಿ #ಶೇಂಗಾಹಿಂಡಿ #ವಿಜಯಪುರ #ಧಾರವಾಡ #ಸಂಕ್ರಾಂತಿ