ಜುಲೈ–ಸೆಪ್ಟೆಂಬರ್ ತ್ರೈಮಾಸಿಕದ ಮಾರ್ಕೆಟಿಂಗ್ ವರದಿ: ನಿರೂಪಣಾ ಭಾಗ, ತಿದ್ದಿದ ಪ್ರತಿ

ನಿರ್ದೇಶಕರ ಅವಗಾಹನೆಗೆ

ಕಳೆದ ವಾರ ತಮಗೆ ಸಲ್ಲಿಸಿದ್ದ ಕರಡಿನ ಮೊದಲ ಪುಟದ ಅಂಚಿನಲ್ಲಿ ತಾವು “ಹಾಗಾದರೆ ಗ್ರಾಹಕರು ಹೆಚ್ಚಿದರೋ, ಕಡಿಮೆಯಾದರೋ?” ಎಂದು ಬರೆದಿದ್ದಿರಿ. ಆರು ಪುಟಗಳ ಆ ಕರಡಿನಲ್ಲಿ ಈ ಪ್ರಶ್ನೆಗೆ ಎಲ್ಲಿಯೂ ನೇರವಾದ ಉತ್ತರವಿರಲಿಲ್ಲ. “ಜಾಲತಾಣಕ್ಕೆ ಭೇಟಿ ನೀಡಿದವರ ಸಂಖ್ಯೆ ಶೇ. 38ರಷ್ಟು ಏರಿ, ಬ್ರ್ಯಾಂಡ್‌ನ ಗೋಚರತೆ ಗಮನಾರ್ಹವಾಗಿ ವೃದ್ಧಿಸಿದೆ” ಎಂಬುದು ಅದರ ಮೊದಲ ವಾಕ್ಯವಾಗಿತ್ತು. ಆ ಮಾತು ಸುಳ್ಳಲ್ಲ. ಆದರೆ ಬಂದುಹೋದವರನ್ನು ಎಣಿಸುವುದರಲ್ಲಿ, ಕೊಂಡವರು ಎಷ್ಟು ಮಂದಿ ಎಂಬುದು ಮರೆಯಾಗಿತ್ತು. ಆದ್ದರಿಂದ ಕೋಷ್ಟಕಗಳಲ್ಲಿನ ಅಂಕಿಗಳನ್ನು ಹಾಗೆಯೇ ಉಳಿಸಿಕೊಂಡು, ನಿರೂಪಣೆಯನ್ನು ಮಾತ್ರ ಹೊಸದಾಗಿ ಬರೆದು ಕೆಳಗೆ ನೀಡಲಾಗಿದೆ.

ಫಲಿತಾಂಶ

ಈ ತ್ರೈಮಾಸಿಕದಲ್ಲಿ ನಮ್ಮ ಬಿಲ್ಲಿಂಗ್ ತಂತ್ರಾಂಶಕ್ಕೆ 412 ಹೊಸ ಗ್ರಾಹಕರು ಚಂದಾದಾರರಾಗಿದ್ದಾರೆ. ಗುರಿ 480 ಇದ್ದುದರಿಂದ 68 ಮಂದಿ ಕಡಿಮೆ ಬಿದ್ದಿದ್ದಾರೆ. ಹಿಂದಿನ ತ್ರೈಮಾಸಿಕದ 437ಕ್ಕೆ ಹೋಲಿಸಿದರೂ 25 ಕಡಿಮೆ. ಮಂಜೂರಾದ ಜಾಹೀರಾತು ಹಣದಲ್ಲಿ ಶೇ. 97ರಷ್ಟು ಖರ್ಚಾಗಿರುವುದರಿಂದ, ಹಣ ಸಾಲದೆ ಗುರಿ ತಪ್ಪಿತು ಎನ್ನುವಂತಿಲ್ಲ.

ಗ್ರಾಹಕರು ಕಡಿಮೆಯಾದರೂ ವಿಚಾರಿಸಿದವರು ಹೆಚ್ಚಾಗಿರುವುದೇ ಈ ಅವಧಿಯ ವಿಶೇಷ. ವಿಚಾರಣೆಗಳು 4,120ರಿಂದ 5,150ಕ್ಕೆ, ಅಂದರೆ ಶೇ. 25ರಷ್ಟು ಏರಿವೆ. ಹಿಂದೆ ಪ್ರತಿ ನೂರು ವಿಚಾರಣೆಗಳಲ್ಲಿ ಹತ್ತು ಹನ್ನೊಂದು ಖರೀದಿಯಾಗಿ ಮುಗಿಯುತ್ತಿದ್ದವು. ಈಗ ಎಂಟು ಮಾತ್ರ ಮುಗಿದಿವೆ. ಕರಡಿನಲ್ಲಿ ಇದನ್ನು “ಪರಿವರ್ತನಾ ದರದ ಮೇಲೆ ಒತ್ತಡ” ಎಂದು ಕರೆಯಲಾಗಿತ್ತು. ಒತ್ತಡ ತಾನಾಗಿ ಬಂದದ್ದಲ್ಲ, ಅದರಲ್ಲಿ ನಮ್ಮ ನಿರ್ಧಾರಗಳ ಪಾಲೂ ಇದೆ ಎಂಬುದು ಸ್ಪಷ್ಟವಾಗಬೇಕೆಂದು ಆ ಪದಗುಚ್ಛವನ್ನು ಕೈಬಿಟ್ಟಿದ್ದೇವೆ.

ಕಾರಣಗಳು

ಮೊದಲನೆಯ ಕಾರಣ ಜುಲೈನಲ್ಲಿ ನಾವೇ ಕೈಗೊಂಡ ಒಂದು ನಿರ್ಧಾರ. ಸಾಮಾಜಿಕ ಜಾಲತಾಣಗಳ ಜಾಹೀರಾತನ್ನು ಅಲ್ಲಿಯವರೆಗೆ ಅಂಗಡಿ ಅಥವಾ ಸಣ್ಣ ಉದ್ಯಮ ನಡೆಸುವವರಿಗಷ್ಟೇ ತೋರಿಸುತ್ತಿದ್ದೆವು. ಹೆಚ್ಚು ಜನರನ್ನು ತಲುಪುವ ಉದ್ದೇಶದಿಂದ ಆ ಮಿತಿಯನ್ನು ಸಡಿಲಿಸಿದೆವು. ಪರಿಣಾಮವಾಗಿ ಅಲ್ಲಿಂದ 1,900 ವಿಚಾರಣೆಗಳು ಬಂದವು, ಆದರೆ ಚಂದಾದಾರರಾದವರು 57 ಮಂದಿ, ಅಂದರೆ ನೂರಕ್ಕೆ ಮೂವರು. ಇಂಥ ತಂತ್ರಾಂಶ ಬೇಕೆಂದು ತಾವೇ ಹುಡುಕುವವರಿಗೆ ಕಾಣಿಸುವ ಹುಡುಕಾಟದ ಜಾಹೀರಾತಿನಿಂದ 1,650 ವಿಚಾರಣೆಗಳು ಬಂದು 198 ಮಂದಿ ಗ್ರಾಹಕರಾದರು. ಹಾಲಿ ಗ್ರಾಹಕರ ಶಿಫಾರಸಿನಿಂದ ಬಂದ 420 ವಿಚಾರಣೆಗಳಲ್ಲಿ 84 ಖರೀದಿಯಾದವು. ಉಳಿದ 1,180 ವಿಚಾರಣೆಗಳು ಇಮೇಲ್, ಪ್ರದರ್ಶನ ಮಳಿಗೆ ಮುಂತಾದ ಮೂಲಗಳಿಂದ ಬಂದವು. ಅವುಗಳಿಂದ 73 ಗ್ರಾಹಕರು ಸಿಕ್ಕರು. ಒಟ್ಟು ಜಾಹೀರಾತು ವೆಚ್ಚದ ಶೇ. 40 ಸಾಮಾಜಿಕ ಜಾಲತಾಣಗಳಿಗೂ ಶೇ. 35 ಹುಡುಕಾಟದ ಜಾಹೀರಾತಿಗೂ ಹೋಗಿರುವುದರಿಂದ, ಮೊದಲಿನದರಲ್ಲಿ ಒಬ್ಬ ಗ್ರಾಹಕರನ್ನು ಪಡೆಯಲು ಎರಡನೆಯದರ ಸುಮಾರು ನಾಲ್ಕು ಪಟ್ಟು ಹಣ ತಗುಲಿದೆ.

ಈ ಹೋಲಿಕೆಯನ್ನು ಒಂದು ಎಚ್ಚರಿಕೆಯೊಡನೆ ಓದಬೇಕಾಗುತ್ತದೆ. ಗ್ರಾಹಕರು ಕೊನೆಯದಾಗಿ ಯಾವ ಕೊಂಡಿಯನ್ನು ಒತ್ತಿ ನಮ್ಮಲ್ಲಿಗೆ ಬಂದರೋ ಅದಕ್ಕೇ ನಮ್ಮ ಲೆಕ್ಕ ಪೂರ್ತಿ ಶ್ರೇಯ ಕೊಡುತ್ತದೆ. ಸೋಮವಾರ ಸಾಮಾಜಿಕ ಜಾಲತಾಣದಲ್ಲಿ ನಮ್ಮ ಜಾಹೀರಾತು ನೋಡಿದವರು ಗುರುವಾರ ನಮ್ಮ ಹೆಸರನ್ನೇ ಹುಡುಕಿ ಬಂದು ಕೊಂಡರೆ, ಅವರು ಹುಡುಕಾಟದ ಖಾತೆಗೆ ಸೇರುತ್ತಾರೆ. ಇದಲ್ಲದೆ ವಿಚಾರಣೆಯಿಂದ ಖರೀದಿಯವರೆಗೆ ಸಾಮಾನ್ಯವಾಗಿ 30ರಿಂದ 45 ದಿನ ಹಿಡಿಯುವುದರಿಂದ, ಸೆಪ್ಟೆಂಬರಿನ ವಿಚಾರಣೆಗಳಲ್ಲಿ ಕೆಲವು ಇನ್ನೂ ಮಾತುಕತೆಯ ಹಂತದಲ್ಲಿವೆ. ನಾಲ್ಕು ಪಟ್ಟು ಎಂಬುದು ಈ ಎರಡು ಕಾರಣಗಳಿಂದ ತುಸು ಇಳಿಯಬಹುದು. ಆದರೂ ಇಷ್ಟು ದೊಡ್ಡ ಅಂತರ ಪೂರ್ತಿ ಮುಚ್ಚಿಹೋಗುತ್ತದೆ ಎಂದು ನಮಗೆ ಅನಿಸುವುದಿಲ್ಲ.

ಎರಡನೆಯದು, ವಿಚಾರಣೆ ಹೆಚ್ಚಿದರೂ ಕರೆ ಮಾಡುವ ಮಾರಾಟ ಸಿಬ್ಬಂದಿ ಹಿಂದಿದ್ದಷ್ಟೇ ಇದ್ದುದು. ಒಂದು ಕೆಲಸದ ದಿನದೊಳಗೆ ಹೋಗುತ್ತಿದ್ದ ಮೊದಲ ಕರೆ ಸರಾಸರಿ ಮೂರು ದಿನಕ್ಕೆ ಜಾರಿತು. ಆಗಸ್ಟ್ ತಿಂಗಳ 300 ವಿಚಾರಣೆಗಳನ್ನು ಒಂದೊಂದಾಗಿ ತೆಗೆದು ನೋಡಿದಾಗ, ಅದೇ ದಿನ ಕರೆ ಹೋದ 120ರಲ್ಲಿ 18 ಮಂದಿಯೂ, ತಡವಾಗಿ ಕರೆ ಹೋದ 180ರಲ್ಲಿ 9 ಮಂದಿಯೂ ಖರೀದಿಸಿದ್ದು ಕಂಡುಬಂತು. ಆಸಕ್ತಿ ಹೆಚ್ಚಿರುವಂತೆ ತೋರಿದವರಿಗೆ ಸಿಬ್ಬಂದಿ ಮೊದಲು ಕರೆ ಮಾಡಿರುವ ಸಾಧ್ಯತೆಯೂ ಇರುವುದರಿಂದ, ಈ ವ್ಯತ್ಯಾಸವನ್ನೆಲ್ಲ ವಿಳಂಬದ ತಲೆಗೆ ಕಟ್ಟುವುದು ಸರಿಯಾಗದು.

ಮೂರನೆಯದು ನಮ್ಮ ತಪ್ಪು, ಕರಡಿನಲ್ಲಿ ಅದು “ತಾಂತ್ರಿಕ ಅಡಚಣೆ” ಎಂಬ ಎರಡು ಪದಗಳಲ್ಲಿ ಅಡಗಿತ್ತು. ಸೆಪ್ಟೆಂಬರಿನಲ್ಲಿ 11 ದಿನ, ಮೊಬೈಲ್‌ನಲ್ಲಿ ಉಚಿತ ಪ್ರಯೋಗದ ಅರ್ಜಿ ತುಂಬಿದವರಿಗೆ “ಧನ್ಯವಾದಗಳು” ಎಂಬ ಸಂದೇಶ ಕಾಣುತ್ತಿತ್ತು, ಅರ್ಜಿ ಮಾತ್ರ ನಮಗೆ ತಲುಪುತ್ತಿರಲಿಲ್ಲ. ಪುಟದ ವಿನ್ಯಾಸ ಬದಲಿಸಿದ ಬಳಿಕ ಕಂಪ್ಯೂಟರಿನಲ್ಲಿ ಪರೀಕ್ಷಿಸಿದ್ದೆವು, ಮೊಬೈಲ್‌ನಲ್ಲಿ ಪರೀಕ್ಷಿಸಿರಲಿಲ್ಲ. ಅರ್ಜಿ ಹಾಕಿದ ಒಬ್ಬರು ಯಾರೂ ಕರೆ ಮಾಡಲಿಲ್ಲವೆಂದು ಬೇಸರದಿಂದ ಇಮೇಲ್ ಬರೆದ ಮೇಲಷ್ಟೇ ವಿಷಯ ಗೊತ್ತಾಯಿತು. ದಿನಕ್ಕೆ ಸುಮಾರು 14 ಅರ್ಜಿಗಳ ಲೆಕ್ಕದಲ್ಲಿ 150ಕ್ಕೂ ಹೆಚ್ಚು ವಿಚಾರಣೆಗಳು, ಅಂದಾಜು 12 ಗ್ರಾಹಕರು ಕೈತಪ್ಪಿದ್ದಾರೆ. ಕೊರತೆ ಬಿದ್ದ 68ರಲ್ಲಿ ಈ ಹನ್ನೆರಡನ್ನು ಬಿಟ್ಟರೆ ಉಳಿದದ್ದು ಮುಖ್ಯವಾಗಿ ಮೊದಲ ಎರಡು ಕಾರಣಗಳಿಗೆ ಸೇರಿದ್ದು; ಅವೆರಡೂ ಒಂದೇ ಅವಧಿಯಲ್ಲಿ ನಡೆದಿರುವುದರಿಂದ ಪಾಲು ಬೇರ್ಪಡಿಸಿ ಹೇಳುವುದು ಸಾಧ್ಯವಿಲ್ಲ.

ಮುಂದಿನ ಕ್ರಮ

ಅರ್ಜಿಯ ದೋಷ ಸರಿಯಾಗಿದೆ. ಈಗ ಪ್ರತಿದಿನ ಬೆಳಿಗ್ಗೆ ನಮ್ಮ ತಂಡದವರೊಬ್ಬರು ಮೊಬೈಲ್‌ನಿಂದ ಒಂದು ಪರೀಕ್ಷಾ ಅರ್ಜಿ ಸಲ್ಲಿಸಿ, ಅದು ತಲುಪಿದ್ದನ್ನು ಖಚಿತಪಡಿಸಿಕೊಳ್ಳುತ್ತಿದ್ದಾರೆ.

ಸಾಮಾಜಿಕ ಜಾಲತಾಣಗಳ ವೆಚ್ಚವನ್ನು ಒಟ್ಟು ವೆಚ್ಚದ ಶೇ. 40ರಿಂದ 20ಕ್ಕೆ ಇಳಿಸಿ, ಉಳಿದ ಹಣದಲ್ಲಿ 15 ಅಂಶವನ್ನು ಹುಡುಕಾಟದ ಜಾಹೀರಾತಿಗೂ 5 ಅಂಶವನ್ನು ಶಿಫಾರಸು ಯೋಜನೆಗೂ ವರ್ಗಾಯಿಸಬೇಕೆಂಬುದು ನಮ್ಮ ಪ್ರಸ್ತಾವ. ಎಲ್ಲ ಕಡೆಯೂ ಅರ್ಧ ಕಡಿತ ಮಾಡುವ ಬದಲು, ನಮ್ಮ ಎಂಟು ಮಾರಾಟ ಪ್ರದೇಶಗಳಲ್ಲಿ ನಾಲ್ಕರಲ್ಲಿ ಅಕ್ಟೋಬರ್ 21ರಿಂದ ಎಂಟು ವಾರ ಆ ಜಾಹೀರಾತನ್ನು ಪೂರ್ತಿ ನಿಲ್ಲಿಸುತ್ತೇವೆ. ಆ ನಾಲ್ಕು ಕಡೆ ಹುಡುಕಿ ಬರುವವರೂ ಕಡಿಮೆಯಾದರೆ, ಮೇಲೆ ಹೇಳಿದ ಶ್ರೇಯದ ಲೆಕ್ಕ ಸಾಮಾಜಿಕ ಜಾಲತಾಣಗಳಿಗೆ ಅನ್ಯಾಯ ಮಾಡುತ್ತಿದೆ ಎಂದು ತಿಳಿಯುತ್ತದೆ. ಕಡಿಮೆಯಾಗದಿದ್ದರೆ ಜನವರಿಯಿಂದ ಉಳಿದ ಕಡೆಯೂ ನಿಲ್ಲಿಸಬಹುದು.

ಹುಡುಕಾಟಕ್ಕೆ ಹಣ ಹೆಚ್ಚಿಸಿದಷ್ಟೂ ಗ್ರಾಹಕರು ಹೆಚ್ಚುವುದಿಲ್ಲ, ಏಕೆಂದರೆ ಇಂಥ ತಂತ್ರಾಂಶ ಹುಡುಕುವವರೇ ಮಿತವಾಗಿದ್ದಾರೆ. ಅಲ್ಲಿಂದ 40, ಶಿಫಾರಸಿನಿಂದ 10, ಅರ್ಜಿ ಸರಿಯಾದುದರಿಂದ 12 ಮಂದಿ ಹೆಚ್ಚುವರಿಯಾಗಿ ಸಿಕ್ಕು, ಸಾಮಾಜಿಕ ಜಾಲತಾಣಗಳಿಂದ 28 ಮಂದಿ ಕಡಿಮೆಯಾದರೆ, ಒಟ್ಟು 446 ಆಗುತ್ತದೆ. ಬೇಗ ಕರೆ ಮಾಡುವುದರಿಂದ ಬರಬಹುದಾದ ಲಾಭವನ್ನು ಇದಕ್ಕೆ ಸೇರಿಸಿಲ್ಲ. ಆದ್ದರಿಂದ ಮುಂದಿನ ತ್ರೈಮಾಸಿಕದ ಗುರಿಯನ್ನು ಮತ್ತೆ 480 ಎಂದು ಬರೆಯದೆ 450 ಎಂದು ಇಟ್ಟಿದ್ದೇವೆ.

ತಮ್ಮಿಂದ ಬೇಕಾಗಿರುವುದು ಎರಡು ಅನುಮೋದನೆಗಳು: ಮೇಲಿನ ವೆಚ್ಚ ವರ್ಗಾವಣೆ ಮತ್ತು, ಡಿಸೆಂಬರ್ ಅಂತ್ಯದವರೆಗೆ ಗ್ರಾಹಕ ಸೇವಾ ವಿಭಾಗದ ಇಬ್ಬರನ್ನು ದಿನಕ್ಕೆ ಅರ್ಧ ಹೊತ್ತು ಮೊದಲ ಕರೆಯ ಕೆಲಸಕ್ಕೆ ನಿಯೋಜಿಸುವುದು. ಎರಡನೆಯದಕ್ಕೆ ಆ ವಿಭಾಗದ ಮುಖ್ಯಸ್ಥರು ಇನ್ನೂ ಒಪ್ಪಿಲ್ಲ. ತಿಂಗಳ ಕೊನೆಯ ವಾರ ತಮ್ಮಲ್ಲೇ ಕೆಲಸ ಹೆಚ್ಚಿರುತ್ತದೆ ಎಂಬ ಅವರ ಆಕ್ಷೇಪ ನ್ಯಾಯವಾದುದು, ಆ ವಾರ ಇಬ್ಬರ ಬದಲು ಒಬ್ಬರು ಬಂದರೂ ನಡೆಯುತ್ತದೆ. ಅಕ್ಟೋಬರ್ 18ರೊಳಗೆ ತಮ್ಮ ತೀರ್ಮಾನ ತಿಳಿದರೆ 21ರಂದು ಪ್ರದೇಶವಾರು ಬದಲಾವಣೆಯನ್ನು ಜಾರಿಗೆ ತರಬಹುದು.